ಗೋಡೆಯ ಮೇಲಿನ ‘ಕಾಯಕವೇ ಕೈಲಾಸ’ ಮತ್ತು ಪಂಚ್ ಆದ ಮೇಲಿನ ಅರ್ಧ ಗಂಟೆ

ಪ್ರಶ್ನೆ: ನಮಸ್ಕಾರ ಸರ್. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಊಟದ ಹಾಲ್ ಗೋಡೆ ಮೇಲೆ ‘ಕಾಯಕವೇ ಕೈಲಾಸ – ಬಸವಣ್ಣ’ ಅಂತ ದೊಡ್ಡದಾಗಿ ಬರೆಸಿದ್ದಾರೆ. ಟಾರ್ಗೆಟ್ ಮುಗಿಯದಿದ್ದರೆ ಪಂಚ್ ಮಾಡಿಸಿ ಮತ್ತೆ ಅರ್ಧ ಗಂಟೆ ಮಿಷನ್ ಮುಂದೆ ಕೂರಿಸ್ತಾರೆ, ಅದಕ್ಕೆ ದುಡ್ಡಿಲ್ಲ. ಕೇಳಿದರೆ ಸೂಪರ್‌ವೈಸರ್ ಆ ಗೋಡೆ ತೋರಿಸಿ ‘ಬಸವಣ್ಣೋರೇ ಹೇಳವ್ರೆ, ಕೆಲಸಾನ ಪೂಜೆ ಅನ್ಕೊಂಡು ಮಾಡಬೇಕು. ಪೂಜೆಗೆ ಯಾರಾದ್ರೂ ಕೂಲಿ ಕೇಳ್ತಾರಾ?’ ಅಂತಾರೆ. ನಿಜವಾಗಲೂ ವಚನದಲ್ಲಿ ಹಾಗೆ ಇದೆಯಾ? ಇನ್ನೊಂದು, ಏಳನೇ ಕ್ಲಾಸಿನ ನನ್ನ ಮಗಳು ಬಸವ ಜಯಂತಿಗೆ ಕಾಯಕದ ಬಗ್ಗೆ ಮೂರು ನಿಮಿಷ ಮಾತಾಡಬೇಕು, ಸ್ವಂತವಾಗಿ ಒಂದು ವಚನಾನೂ ಬರೆಯಬೇಕಂತೆ. ಯಾವ ವಚನ ಹೇಳಿಕೊಡಲಿ? ನಾನು ಓದಿರೋದು ಎಸ್ಸೆಸ್ಸೆಲ್ಸಿ.

ಉತ್ತರ: ಇಲ್ಲ, ಹಾಗೆ ಇಲ್ಲ. ಕೂಲಿ ಕೇಳಬಾರದು ಅಂತ ಆ ವಚನದಲ್ಲಿ ಒಂದು ಅಕ್ಷರವೂ ಇಲ್ಲ. ಇನ್ನೊಂದು ವಿಷಯ, ಗೋಡೆಯ ಮೇಲಿರುವ ಎರಡು ಪದ ಬಸವಣ್ಣನವರ ವಚನದ್ದೂ ಅಲ್ಲ. ಅದು ಆಯ್ದಕ್ಕಿ ಮಾರಯ್ಯನ ವಚನದ ನಡುವಿನಿಂದ ಕಿತ್ತು ತೆಗೆದ ಒಂದು ತುಂಡು. ಪೂರ್ತಿ ವಚನ ಹೀಗಿದೆ:

ಕಾಯಕದಲ್ಲಿ ನಿರತನಾದಡೆ
ಗುರುದರ್ಶನವಾದಡೂ ಮರೆಯಬೇಕು,
ಲಿಂಗಪೂಜೆಯಾದಡೂ ಮರೆಯಬೇಕು,
ಜಂಗಮ ಮುಂದಿದ್ದಡೂ ಹಂಗು ಹರಿಯಬೇಕು.
ಕಾಯಕವೆ ಕೈಲಾಸವಾದ ಕಾರಣ
ಅಮರೇಶ್ವರಲಿಂಗವಾಯಿತ್ತಾದಡೂ ಕಾಯಕದೊಳಗು.

ಹೆಸರು ತಪ್ಪಾಗಿದ್ದು ಹೇಗೆ ಅನ್ನುವುದು ಸುಲಭವಾಗಿ ತಿಳಿಯುತ್ತದೆ. ಪ್ರತಿ ವಚನದ ಕೊನೆಯಲ್ಲಿ ವಚನಕಾರರ ಅಂಕಿತ ಇರುತ್ತದೆ. ಅಂಕಿತ ಅಂದರೆ ಅವರು ನಂಬಿದ ದೇವರ ಹೆಸರು, ಅದೇ ಅವರ ಸಹಿ. ಬಸವಣ್ಣನವರದು ‘ಕೂಡಲಸಂಗಮದೇವ’, ಮಾರಯ್ಯನದು ‘ಅಮರೇಶ್ವರಲಿಂಗ’. ನಡುವಿನ ಎರಡು ಪದವನ್ನಷ್ಟೇ ಎತ್ತಿಕೊಂಡಾಗ ಅಂಕಿತ ಹಿಂದೆ ಉಳಿಯಿತು. ಸಹಿ ಇಲ್ಲದ ಮಾತನ್ನು ಜನ ದೊಡ್ಡವರ ಹೆಸರಿಗೆ ಸೇರಿಸಿದರು. ಬಸವಣ್ಣನವರು ಆ ಮಾತನ್ನು ಒಪ್ಪುತ್ತಿದ್ದರು ಅನ್ನುವುದರಲ್ಲಿ ಸಂಶಯವಿಲ್ಲ. ಆದರೆ ಅದನ್ನು ಹೇಳಿದವನು ಕಲ್ಯಾಣದ ಮಂತ್ರಿಯಲ್ಲ, ಅಂಗಳದಲ್ಲಿ ಚೆಲ್ಲಿದ ಅಕ್ಕಿಕಾಳು ಆಯ್ದು ಬದುಕಿದವನು. ಇಲ್ಲಿ ಈ ವ್ಯತ್ಯಾಸ ಮುಖ್ಯ. ಸೂಪರ್‌ವೈಸರ್ ಬಾಯಲ್ಲಿ ಆ ಸಾಲು ಮೇಲಿನವರು ಕೆಳಗಿನವರಿಗೆ ಕೊಟ್ಟ ಆಜ್ಞೆಯ ಹಾಗೆ ಕೇಳುತ್ತದೆ. ಮೂಲದಲ್ಲಿ ಅದು ದುಡಿಯುವವನು ತನ್ನ ದುಡಿಮೆಯ ಬಗ್ಗೆ ತಾನೇ ಆಡಿದ ಮಾತು.

ಈಗ ಸಾಲು ಸಾಲಾಗಿ ನೋಡಿ. ಶರಣರಿಗೆ ಗುರು, ಲಿಂಗ, ಜಂಗಮ ಈ ಮೂರಕ್ಕಿಂತ ದೊಡ್ಡದು ಇರಲಿಲ್ಲ. ಗುರು ಅಂದರೆ ದೀಕ್ಷೆ ಕೊಟ್ಟವರು. ಲಿಂಗ ಅಂದರೆ ಅಂಗೈ ಮೇಲಿಟ್ಟು ಪೂಜಿಸುವ ಇಷ್ಟಲಿಂಗ. ಜಂಗಮ ಅಂದರೆ ಊರೂರು ತಿರುಗುತ್ತಾ ಮನೆ ಬಾಗಿಲಿಗೆ ಬರುವ ಶಿವಸ್ವರೂಪಿ. ಮಾರಯ್ಯ ಈ ಮೂವರನ್ನೂ ಒಬ್ಬೊಬ್ಬರಾಗಿ ಮುಂದೆ ತಂದು ನಿಲ್ಲಿಸುತ್ತಾನೆ. ಕೈಯಲ್ಲಿ ಕೆಲಸವಿರುವಾಗ ಗುರು ಎದುರಿಗೆ ಬಂದರೂ ಮರೆತಿರಬೇಕು. ಪೂಜೆಯ ಹೊತ್ತಾದರೂ ಮರೆತಿರಬೇಕು. ಜಂಗಮನೇ ಮುಂದೆ ನಿಂತಿದ್ದರೂ ‘ಹಂಗು ಹರಿಯಬೇಕು’, ಅಂದರೆ ‘ಇವರ ಋಣ ನನ್ನ ಮೇಲಿದೆ, ಎದ್ದು ಕೈಮುಗಿಯದಿದ್ದರೆ ಏನಂದುಕೊಳ್ಳುತ್ತಾರೋ’ ಅನ್ನುವ ಭಾರವನ್ನು ಕಡಿದುಹಾಕಬೇಕು. ಕೊನೆಯ ಸಾಲಿನಲ್ಲಿ ತಾನು ನಂಬಿದ ದೇವರನ್ನೂ ಬಿಡುವುದಿಲ್ಲ. ಅಮರೇಶ್ವರಲಿಂಗವೇ ಆದರೂ ಕಾಯಕದ ಒಳಗೇ ಇದೆ, ಹೊರಗಿಲ್ಲ ಅನ್ನುತ್ತಾನೆ.

ಹಾಗಾಗಿ ಈ ವಚನ ದುಡಿಯುವವರಿಗೆ ಕೊಡುವುದು ಬಿಡುಗಡೆಯನ್ನು. ಕೆಲಸದಲ್ಲಿ ಮುಳುಗಿರುವವರನ್ನು ಎಬ್ಬಿಸಿ ತಮ್ಮ ಮುಂದೆ ಬಗ್ಗಿಸುವ ಹಕ್ಕು ಗುರುವಿಗೂ ಇಲ್ಲ ಅಂದಮೇಲೆ, ಇನ್ನು ಲೈನ್ ಸೂಪರ್‌ವೈಸರ್‌ಗೆ ಎಲ್ಲಿಂದ ಬರಬೇಕು? ‘ಕೈಲಾಸ’ ಅನ್ನುವ ಪದವನ್ನೂ ಈ ನೆಲೆಯಲ್ಲೇ ಓದಬೇಕು. ಸತ್ತ ಮೇಲೆ ಸಿಗುವ ಜಾಗ ಈಗ ಕೆಲಸ ಮಾಡುತ್ತಿರುವ ಕೈಯಲ್ಲೇ ಇದೆ ಅನ್ನುವುದು ಅದರ ಅರ್ಥ. ‘ಈಗ ಪುಕ್ಕಟೆ ದುಡಿ, ಮುಂದೆ ಕೈಲಾಸ ಸಿಗುತ್ತದೆ’ ಅಂತ ಯಾರಾದರೂ ವಿವರಿಸಿದರೆ ಅವರು ಮಾರಯ್ಯ ಹೇಳಿದ್ದಕ್ಕೆ ನೇರ ವಿರುದ್ಧವಾದದ್ದನ್ನು ಹೇಳುತ್ತಿದ್ದಾರೆ.

ಕೂಲಿಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನ ಬೇಕು, ಯಾಕೆಂದರೆ ನಿಮ್ಮ ಸೂಪರ್‌ವೈಸರ್ ನಾಲ್ಕು ವಚನ ಓದಿಕೊಂಡವರಾದರೆ ಮರುದಿನ ಬೇರೊಂದನ್ನು ಹಿಡಿದು ಬರಬಹುದು. ಮಾರಯ್ಯನ ಹೆಂಡತಿ ಲಕ್ಕಮ್ಮ ತಾನೂ ವಚನಕಾರ್ತಿ. ಈ ದಂಪತಿಯ ಊರು ಈಗಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಅನ್ನುತ್ತಾರೆ. ಅಲ್ಲಿಂದ ಕಲ್ಯಾಣಕ್ಕೆ ಬಂದು ಶರಣರ ಮನೆಗಳ ಮುಂದೆ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ನೇಮ. ಅದನ್ನು ಅಡಿಗೆ ಮಾಡಿ ಜಂಗಮರಿಗೆ ಉಣಬಡಿಸಿ, ಉಳಿದದ್ದನ್ನು ಉಣ್ಣುವುದು ಇಬ್ಬರ ಬದುಕು. ಶರಣರ ಕಾಲ ಕಳೆದು ಮುನ್ನೂರು ವರ್ಷದಷ್ಟು ಆದಮೇಲೆ, 15ನೇ ಶತಮಾನದಿಂದ ಈಚೆಗೆ ಸಿದ್ಧವಾದ, ವಚನಗಳನ್ನು ಶರಣರ ಸಂಭಾಷಣೆಯಾಗಿ ಜೋಡಿಸಿದ ಶೂನ್ಯಸಂಪಾದನೆ ಅನ್ನುವ ಗ್ರಂಥಗಳ ಪರಂಪರೆ ಇವರ ಪ್ರಸಂಗವನ್ನು ಹೀಗೆ ಕಟ್ಟಿಕೊಡುತ್ತದೆ. ಒಂದು ದಿನ ಮಾರಯ್ಯ ಅನುಭವದ ಮಾತಿನಲ್ಲಿ ಮೈಮರೆತು ಕುಳಿತುಬಿಟ್ಟ. ಆಗ ಲಕ್ಕಮ್ಮ ‘ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ’ ಅಂತ ಎಬ್ಬಿಸಿ ಕಳಿಸಿದಳು. ಅವನು ಅವಸರದಲ್ಲಿ ಹೋಗಿ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಅವರನ್ನು ಪರೀಕ್ಷಿಸಲು ಬಸವಣ್ಣನವರೇ ಹೆಚ್ಚು ಅಕ್ಕಿ ಚೆಲ್ಲಿಸಿದ್ದರು. ಲಕ್ಕಮ್ಮ ಮೂಟೆ ನೋಡಿದ ಕೂಡಲೇ ಕೇಳಿದ್ದು ಇದು:

ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ.

‘ಈಸಕ್ಕಿ’ ಅಂದರೆ ಇಷ್ಟೊಂದು ಅಕ್ಕಿ. ಇಷ್ಟೊಂದು ಯಾಕೆ ಬೇಕಾಯಿತು, ಇದನ್ನು ಈಶ್ವರ ಒಪ್ಪುವುದಿಲ್ಲ ಅಂತ ಹೇಳಿ, ತಂದಲ್ಲೇ ಸುರಿದು ಬಾ ಅಂತ ತಿರುಗಿ ಕಳಿಸುತ್ತಾಳೆ. ‘ನೋಡಿ, ಆಸೆ ಪಡಬಾರದು ಅಂತ ಲಕ್ಕಮ್ಮನೇ ಹೇಳಿದ್ದಾಳೆ, ನೀವು ಅರ್ಧ ಗಂಟೆ ಓಟಿಗೆ ಆಸೆ ಪಡ್ತೀರಲ್ಲ’ ಅನ್ನುವ ಮಾತು ಈ ವಚನದಿಂದ ಸುಲಭವಾಗಿ ಹುಟ್ಟುತ್ತದೆ. ಉತ್ತರ ಅದೇ ವಚನದಲ್ಲಿದೆ. ಲಕ್ಕಮ್ಮ ಬೇಡ ಅಂದದ್ದು ಆ ದಿನದ ಕಾಯಕಕ್ಕೆ ಸಲ್ಲುವುದಕ್ಕಿಂತ ಹೆಚ್ಚಾದ ಅಕ್ಕಿಯನ್ನು. ಆ ದಿನಕ್ಕೆ ಸಲ್ಲುವ ಅಕ್ಕಿಯನ್ನು ಅವಳು ಒಂದು ದಿನವೂ ಬೇಡ ಅಂದವಳಲ್ಲ. ಅದು ಬರದೆ ನಿಂತಾಗ ಗಂಡನನ್ನು ಎಬ್ಬಿಸಿ ಕಳಿಸಿದವಳೂ ಅವಳೇ. ದುಡಿದ ಅರ್ಧ ಗಂಟೆಯ ಕೂಲಿ ‘ಈಸಕ್ಕಿ’ ಅಲ್ಲ, ಅದು ದಿನದ ಅಕ್ಕಿ. ಹಾಗೆ ನೋಡಿದರೆ, ಕೊಡಬೇಕಾದದ್ದನ್ನು ಕೊಡದೆ ಉಳಿಸಿಕೊಂಡವರ ಕಡೆಯೇ ಹೆಚ್ಚಿನ ಮೂಟೆ ಇರುವುದು. ಆಸೆ ಯಾರ ಸ್ವಭಾವ ಅಂತ ಲಕ್ಕಮ್ಮ ಮೊದಲ ಸಾಲಿನಲ್ಲೇ ಹೇಳಿದ್ದಾಳೆ, ಅರಸನದು.

ಒಂದನ್ನು ಮಾತ್ರ ಮರೆಮಾಚಬಾರದು. ವಚನಗಳನ್ನು ಹಿಡಿದು ಇವತ್ತಿನ ಓಟಿ ದರ ಸಾಬೀತು ಮಾಡಲು ಆಗುವುದಿಲ್ಲ. ಮಾರಯ್ಯ ಯಾರ ಹತ್ತಿರವೂ ಸಂಬಳಕ್ಕಿರಲಿಲ್ಲ. ನೂಲು ನೂಲುವವರು, ಹಗ್ಗ ಹೊಸೆಯುವವರು, ದೋಣಿ ನಡೆಸುವವರು, ಬಟ್ಟೆ ಒಗೆಯುವವರು ಹೀಗೆ ಆ ಕಾಲದ ವಚನಕಾರರಲ್ಲಿ ಹೆಚ್ಚಿನವರು ತಮ್ಮ ಕಸುಬಿನಲ್ಲಿ ತಾವೇ ನಿಂತಿದ್ದವರು. ‘ನೇಮದ ಕೂಲಿ’ ಅನ್ನುವ ಮಾತು ವಚನಗಳಲ್ಲಿ ಬರುತ್ತದೆ, ಆದರೆ ಕಾರ್ಖಾನೆ, ಶಿಫ್ಟ್, ಟಾರ್ಗೆಟ್ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆದ್ದರಿಂದ ಈ ವಾದವನ್ನು ವಚನದ ಮೇಲೆ ಗೆಲ್ಲಲು ಹೋಗಬೇಡಿ. ಸೂಪರ್‌ವೈಸರ್‌ಗೆ ‘ಆ ವಚನ ಕೂಲಿ ಕೊಡಬೇಡಿ ಅನ್ನೋದಿಲ್ಲ’ ಅಂತ ಹೇಳಿ ಅಲ್ಲಿಗೆ ನಿಲ್ಲಿಸಿ. ಕೂಲಿಯ ಪ್ರಶ್ನೆಯನ್ನು ಕಾನೂನಿನ ಜಾಗದಲ್ಲಿ ಇಡಿ. ಹೆಚ್ಚುವರಿ ಹೊತ್ತಿಗೆ ಮಾಮೂಲಿ ದರದ ಎರಡು ಪಟ್ಟು ಕೊಡಬೇಕು ಅಂತ 1948ರ ಕಾರ್ಖಾನೆಗಳ ಕಾಯ್ದೆಯ 59ನೇ ಸೆಕ್ಷನ್ ಹೇಳಿತ್ತು. ಈಚಿನ ಕಾರ್ಮಿಕ ಸಂಹಿತೆಯಲ್ಲೂ ಎರಡು ಪಟ್ಟು ಹಾಗೇ ಇದೆ. ಪಂಚ್ ಆದ ಮೇಲೆ ಕೂರಿಸಿದರೆ ಮಿಷನ್‌ನ ಲೆಕ್ಕದಲ್ಲಿ ನೀವು ಮನೆಗೆ ಹೋಗಿರುತ್ತೀರಿ, ತೊಂದರೆ ಇರುವುದೇ ಅಲ್ಲಿ. ಅದಕ್ಕೆ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ತಾರೀಖು, ಪಂಚ್ ಆದ ಹೊತ್ತು, ನಿಜವಾಗಿ ಎದ್ದ ಹೊತ್ತು ಬರೆದಿಡಿ. ಪಕ್ಕದ ಮಿಷನ್‌ನವರೂ ಬರೆದಿಟ್ಟರೆ ಇನ್ನೂ ಒಳ್ಳೆಯದು. ಸಂಬಳದ ಚೀಟಿಗಳನ್ನು ಎಸೆಯಬೇಡಿ. ಒಬ್ಬರೇ ಹೋಗಿ ಕೇಳಿದರೆ ನಿಮ್ಮನ್ನೇ ಗುರಿ ಮಾಡುವ ಅಪಾಯವಿದೆ. ನಾಲ್ಕೈದು ಜನ ಸೇರಿ, ಅಥವಾ ಯೂನಿಯನ್ ಇದ್ದರೆ ಅದರ ಮೂಲಕ, ಕಾರ್ಮಿಕ ಇಲಾಖೆಯ ಕಚೇರಿಗೆ ಬರವಣಿಗೆಯಲ್ಲಿ ಕೊಡುವುದು ಲೇಸು.

ಮಗಳ ವಿಷಯದಲ್ಲಿ ಮೊದಲ ಪ್ರಶ್ನೆ ಯಾವ ವಚನ ಆರಿಸಬೇಕು ಅನ್ನುವುದು. ಎಲ್ಲರಿಗೂ ಮಾರಯ್ಯನದೇ ನೆನಪಾಗುತ್ತದೆ, ಆದರೆ ಶಾಲೆಯ ವೇದಿಕೆಯಲ್ಲಿ ಅದಕ್ಕೊಂದು ತೊಡಕಿದೆ. ‘ಗುರುದರ್ಶನವಾದಡೂ ಮರೆಯಬೇಕು’ ಅಂದ ಕೂಡಲೇ ಮುಂದಿನ ಸಾಲಿನಲ್ಲಿ ಕುಳಿತ ಮೇಷ್ಟ್ರು ಹುಬ್ಬೇರಿಸಬಹುದು, ಮಕ್ಕಳು ಕಿಸಕ್ಕನೆ ನಗಬಹುದು. ಹೇಳಲೇಬೇಕಾದರೆ ಮೊದಲ ಸಾಲಿನ ‘ನಿರತನಾದಡೆ’ ಅನ್ನುವ ಷರತ್ತನ್ನು ಒತ್ತಿ ಹೇಳಿ, ‘ಕೆಲಸದಲ್ಲಿ ಪೂರ್ತಿ ಮುಳುಗಿರುವ ಹೊತ್ತಿಗೆ ಮಾತ್ರ’ ಅಂತ ಬಿಡಿಸಿ, ಆಮೇಲೆ ಮುಂದೆ ಹೋಗಬೇಕು. ಮೂರು ನಿಮಿಷದಲ್ಲಿ ಅದಕ್ಕೇ ಒಂದು ನಿಮಿಷ ಹೋಗುತ್ತದೆ.

ಕದಿರ ರೆಮ್ಮವ್ವೆಯ ರಾಟೆಯ ವಚನ ಕಣ್ಣಿಗೆ ಕಟ್ಟುವಂಥದ್ದು. ಅವಳು ನೂಲುವವಳು. ಅವಳ ವಚನಗಳು ನಮಗೆ ಸಿಕ್ಕಿರುವುದು ಬೆರಳೆಣಿಕೆಯಷ್ಟು. ‘ನಾ ತಿರುಹುವ ರಾಟೆಯ ಕುಲಜಾತಿಯ ಕೇಳಿರಣ್ಣಾ’ ಅಂತ ಶುರು ಮಾಡಿ, ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು, ನಿಂತ ಬೊಂಬೆ ಮಹಾರುದ್ರ ಅಂತ ರಾಟೆಯ ಒಂದೊಂದು ಭಾಗವನ್ನೂ ಮುಟ್ಟಿ ತೋರಿಸುತ್ತಾಳೆ. ಅರಿವೇ ಕದಿರು. ಭಕ್ತಿ ಅನ್ನುವ ಕೈಯಲ್ಲಿ ತಿರುಗಿಸಿದಾಗ ನೂಲು ಸುತ್ತಿ ಕದಿರು ತುಂಬುತ್ತದೆ. ಜನ ಮನುಷ್ಯರ ಕುಲ ಕೇಳುವ ಕಾಲದಲ್ಲಿ ಅವಳು ತನ್ನ ಉಪಕರಣದ ಕುಲ ಹೇಳಿದಳು, ಆ ಧೈರ್ಯ ನನಗೆ ಬಹಳ ದೊಡ್ಡದು ಅನ್ನಿಸುತ್ತದೆ. ತೊಡಕು ಕೊನೆಯಲ್ಲಿದೆ. ರಾಟೆ ತಿರುಗಿಸಲಾರೆ, ‘ಎನ್ನ ಗಂಡ ಕುಟ್ಟಿಹ’, ಅಂದರೆ ಗಂಡ ಹೊಡೆಯುತ್ತಾನೆ ಅನ್ನುವ ಮಾತು ಬರುತ್ತದೆ. ಅದಕ್ಕೆ ಒಳಗಿನ ಅರ್ಥ ಹೇಳುವವರಿದ್ದಾರೆ. ಏಳನೇ ಕ್ಲಾಸಿನ ಮಗುವಿನ ತಲೆಗೆ ಅದನ್ನು ತುರುಕಲು ಮೂರು ನಿಮಿಷ ಸಾಲದು. ಕೊನೆ ಕತ್ತರಿಸಿ ಹೇಳುವುದೂ ಸರಿಯಲ್ಲ, ಗೋಡೆ ಬರೆಸಿದವರು ಮಾಡಿದ್ದೂ ಅದನ್ನೇ ತಾನೆ.

ನನ್ನ ಆಯ್ಕೆ ಉರಿಲಿಂಗಪೆದ್ದಿ ಅನ್ನುವ ಶರಣರ ಪುಣ್ಯಸ್ತ್ರೀ, ಅಂದರೆ ಹೆಂಡತಿ, ಕಾಳವ್ವೆಯ ಈ ಐದು ಸಾಲು:

ಕೃತ್ಯ ಕಾಯಕವಿಲ್ಲದವರು ಭಕ್ತರಲ್ಲ.
ಸತ್ಯಶುದ್ಧವಿಲ್ಲದುದು ಕಾಯಕವಲ್ಲ.
ಆಸೆಯೆಂಬುದು ಭವದ ಬೀಜ,
ನಿರಾಶೆಯೆಂಬುದು ನಿತ್ಯಮುಕ್ತಿ.
ಉರಿಲಿಂಗಪೆದ್ದಿಗಳರಸನಲ್ಲಿ ಸದರವಲ್ಲ ಕಾಣವ್ವಾ.

ಬಾಯಿಪಾಠಕ್ಕೆ ಸುಲಭ, ತಪ್ಪು ತಿಳಿಯುವುದಕ್ಕೆ ಜಾಗ ಕಡಿಮೆ. ಮೊದಲ ಸಾಲು ದುಡಿಯದೆ ಭಕ್ತಿ ಇಲ್ಲ ಅನ್ನುತ್ತದೆ. ಎರಡನೆಯದು ದುಡಿಮೆಗೇ ಒಂದು ಅಳತೆ ಇಡುತ್ತದೆ. ಎಲ್ಲ ಕೆಲಸವೂ ಕಾಯಕ ಅಂತ ಸಾಮಾನ್ಯವಾಗಿ ಹೇಳುತ್ತೇವಲ್ಲ, ಕಾಳವ್ವೆ ಅದನ್ನು ಒಪ್ಪುವುದಿಲ್ಲ. ತೂಕದಲ್ಲಿ ಮೋಸ ಮಾಡುವ ಅಂಗಡಿಯವನೂ ಬೆಳಗಿನಿಂದ ರಾತ್ರಿವರೆಗೆ ದುಡಿಯುತ್ತಾನೆ, ಬೆವರು ಸುರಿಸುತ್ತಾನೆ. ಆದರೂ ಅದು ಕಾಯಕವಲ್ಲ, ಯಾಕೆಂದರೆ ಅಲ್ಲಿ ಸತ್ಯವಿಲ್ಲ. ಕಾಯಕಕ್ಕೆ ಮೈ ದಣಿಯುವುದಷ್ಟೇ ಸಾಲದು, ಬಂದದ್ದು ನ್ಯಾಯವಾಗಿ ಬಂದಿರಬೇಕು. ನಿಮ್ಮ ಅರ್ಧ ಗಂಟೆಗೂ ಇದೇ ಅಳತೆ ಹಿಡಿದು ನೋಡಿ. ಆ ಹೊತ್ತಿನಲ್ಲಿ ನಿಮ್ಮ ಕಡೆಯ ಹೊಲಿಗೆ ಸತ್ಯಶುದ್ಧವಾಗಿಯೇ ಇದೆ. ಪಂಚ್ ಮಾಡಿಸಿದ ಲೆಕ್ಕ ಸತ್ಯಶುದ್ಧವಾಗಿಲ್ಲ.

ಮೂರು ಮತ್ತು ನಾಲ್ಕನೇ ಸಾಲಿನಲ್ಲಿ ಮಗಳು ಎಡವುವ ಒಂದು ಜಾಗವಿದೆ. ಇಲ್ಲಿ ‘ನಿರಾಶೆ’ ಅಂದರೆ ಬೇಸರ, ಹತಾಶೆ ಅಲ್ಲ, ಅತಿಯಾಸೆ ಇಲ್ಲದಿರುವುದು. ಇದನ್ನು ಮೊದಲೇ ಹೇಳಿಕೊಡದಿದ್ದರೆ ‘ನಿರಾಶೆಯೇ ಮುಕ್ತಿ’ ಅಂತ ಅಳುಮುಖದಲ್ಲಿ ಹೇಳಿಬಿಡುತ್ತಾಳೆ. ಕೊನೆಯ ಸಾಲಿನ ‘ಸದರವಲ್ಲ’ ಅಂದರೆ ಸುಲಭವಾಗಿ, ಸಲಿಗೆಯಿಂದ ದಕ್ಕುವಂಥದ್ದಲ್ಲ ಅಂತ. ‘ಕಾಣವ್ವಾ’ ಅಂತ ಎದುರಿಗಿರುವ ಇನ್ನೊಬ್ಬ ಹೆಂಗಸಿಗೆ ಹೇಳುತ್ತಿದ್ದಾಳೆ. ಅಲ್ಲಿ ಮಗಳು ಸಭೆಯ ಕಡೆ ನೋಡಿ, ಮಾತಾಡುವ ದನಿಯಲ್ಲೇ ಹೇಳಿದರೆ ಸಾಕು.

ಮೂರು ನಿಮಿಷಕ್ಕೆ ಇನ್ನೂರೈವತ್ತು ಪದದ ಸುತ್ತಮುತ್ತ ಸಾಕು, ಮಕ್ಕಳು ವೇದಿಕೆಯಲ್ಲಿ ಅವಸರ ಮಾಡುತ್ತಾರೆ ಅಂತ ಹೆಚ್ಚು ಬರೆದುಕೊಡಬೇಡಿ. ವಚನವನ್ನು ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಹೇಳಲಿ. ವಚನಕ್ಕೆ ಪದ್ಯದ ಹಾಗೆ ಮಾತ್ರೆ, ಗಣದ ಕಟ್ಟು ಇಲ್ಲ, ಆದ್ದರಿಂದ ರಾಗ ಎಳೆಯುವುದು ಬೇಡ. ಅರ್ಥ ಮುಗಿದಲ್ಲಿ ಉಸಿರು ನಿಲ್ಲಲಿ. ಮೊದಲ ಎರಡು ಸಾಲೂ ‘ಅಲ್ಲ’ದಿಂದ ಮುಗಿಯುತ್ತವೆ, ಆ ಎರಡು ‘ಅಲ್ಲ’ಗಳ ಮೇಲೆ ಚೂರು ಒತ್ತು ಬಿದ್ದರೆ ಅದೇ ತಾಳ. ನಡುವೆ ಎರಡನೇ ಸಾಲಿಗೆ ಅವಳೇ ಕಂಡ ಒಂದು ಉದಾಹರಣೆ ಹೇಳಲಿ. ಹಾಲಿಗೆ ನೀರು ಬೆರೆಸದೆ ಅಳೆದು ಕೊಡುವವರು, ಕಾಲರ್ ಬಿಚ್ಚಿ ಮತ್ತೆ ಹೊಲಿಯುವ ಅಮ್ಮ, ಯಾವುದಾದರೂ ಆಗುತ್ತದೆ. ‘ಹನ್ನೆರಡನೇ ಶತಮಾನದ ಕ್ರಾಂತಿಯೋಗಿ’ ಅಂತ ಶುರುವಾಗುವ ಭಾಷಣವನ್ನು ದಯವಿಟ್ಟು ಬಾಯಿಪಾಠ ಮಾಡಿಸಬೇಡಿ. ಆ ದಿನ ಅದೇ ಭಾಷಣ ಇನ್ನೂ ನಾಲ್ವರು ಮಾಡುತ್ತಾರೆ.

ಯಾರಾದರೂ ‘ಅಪ್ಪ ಮಾಡಿದ ಕಸುಬನ್ನೇ ಮಾಡಿಕೊಂಡಿರಬೇಕು ಅನ್ನುವುದೇ ಕಾಯಕ ತತ್ವ’ ಅಂತ ಹೇಳಿಕೊಟ್ಟರೆ ಅದನ್ನು ಬಿಟ್ಟುಬಿಡಲಿ. ‘ಕಾಸಿ ಕಮ್ಮಾರನಾದ, ಬೀಸಿ ಮಡಿವಾಳನಾದ’ ಅಂತ ಬಸವಣ್ಣನವರು ಹೇಳಿದ್ದು ಅದಕ್ಕೆ ಉಲ್ಟಾ. ಕಬ್ಬಿಣ ಕಾಸಿದ್ದರಿಂದ ಕಮ್ಮಾರ, ಬಟ್ಟೆ ಬೀಸಿ ಒಗೆದದ್ದರಿಂದ ಮಡಿವಾಳ. ಹುಟ್ಟಿನಿಂದ ಯಾರೂ ಏನೂ ಆಗಿರಲಿಲ್ಲ.

ಇನ್ನು ಸ್ವಂತ ವಚನ. ಇದು ಭಯಪಡುವ ಕೆಲಸವಲ್ಲ, ರೆಮ್ಮವ್ವೆಯ ದಾರಿಯಲ್ಲಿ ಹೋದರೆ ಆಯಿತು. ಮೊದಲು ಒಂದು ಕೆಲಸ, ಅದರ ಒಂದು ಉಪಕರಣ ಆರಿಸಿಕೊಳ್ಳಲಿ. ಅದರ ಭಾಗಗಳ ಹೆಸರನ್ನು ಮನೆಯಲ್ಲಿ ಆಡುವ ಹಾಗೇ ಬರೆದುಕೊಳ್ಳಲಿ. ಅದು ಯಾವಾಗ ಕೆಡುತ್ತದೆ, ಯಾಕೆ ಕೆಡುತ್ತದೆ ಅಂತ ನಿಮ್ಮನ್ನು ಕೇಳಿ ತಿಳಿಯಲಿ. ಆಮೇಲೆ ‘ಹೀಗಾದರೆ ಹೀಗೆ’ ಅನ್ನುವ ಅಚ್ಚಿನಲ್ಲಿ ಎರಡು ಸಾಲು ಜೋಡಿಯಾಗಿ ಬರೆದು, ಅದನ್ನು ಬದುಕಿನ ಒಂದೇ ಒಂದು ಮಾತಿಗೆ ತಿರುಗಿಸಲಿ. ನಿಮ್ಮ ಮನೆಗೆ ಹತ್ತಿರದ್ದು ಹೊಲಿಗೆ ಮಿಷನ್ ಆದ್ದರಿಂದ ಅಚ್ಚು ಹೇಗಿರುತ್ತದೆ ಅಂತ ತೋರಿಸಲು ಒಂದು:

ಮೇಲಿನ ನೂಲು ಬಿಗಿದಡೆ ಬಟ್ಟೆ ಸುಕ್ಕು,
ಮೇಲಿನ ನೂಲು ಸಡಿಲವಾದಡೆ ಅಡಿಯಲ್ಲಿ ಕುಣಿಕೆ.
ಬಾಬಿನ್ನಿನ ನೂಲು ಮುಗಿದಡೆ
ಸೂಜಿ ಓಡಿತ್ತು, ಹೊಲಿಗೆ ಬೀಳದು.
ದುಡಿಮೆ ಮೇಲಿನ ನೂಲು, ನ್ಯಾಯ ಕೆಳಗಿನ ನೂಲು,
ಎರಡೂ ಕೂಡಿದಲ್ಲಿ ಹೊಲಿಗೆ ನಿಂದಿತ್ತು ನೋಡವ್ವಾ.

ಇದನ್ನೇ ನಕಲು ಮಾಡಿಸಬೇಡಿ, ಅವಳದ್ದು ಬೇರೆಯೇ ಬರಲಿ. ಇಲ್ಲಿ ನೋಡಬೇಕಾದದ್ದು ಎರಡು. ಮೊದಲ ನಾಲ್ಕು ಸಾಲಿನಲ್ಲಿ ನೀತಿಯ ಮಾತೇ ಇಲ್ಲ, ಬರೀ ಮಿಷನ್ ಇದೆ, ಮತ್ತು ಅದು ಟೈಲರ್ ಒಬ್ಬರು ತಲೆಯಾಡಿಸುವಷ್ಟು ನಿಜವಾಗಿದೆ. ಮೇಲಿನ ದಾರದ ಟೆನ್ಷನ್ ಹೆಚ್ಚಾದರೆ ಬಟ್ಟೆ ಸುಕ್ಕಾಗುವುದು, ಕಡಿಮೆಯಾದರೆ ಕೆಳಗೆ ಕುಣಿಕೆ ಬೀಳುವುದು ನಿಮಗೆ ಗೊತ್ತೇ ಇದೆ. ಮಕ್ಕಳು ಬರೆದದ್ದು ಸಪ್ಪೆಯಾಗುವುದು ಇಲ್ಲೇ. ವಸ್ತುವನ್ನು ನೋಡದೆ ನೇರವಾಗಿ ‘ದುಡಿಮೆಯೇ ದೇವರು, ಸೋಮಾರಿತನವೇ ಶತ್ರು’ ಅಂತ ಶುರು ಮಾಡುತ್ತಾರೆ. ಎರಡನೆಯದು ‘ಬಿಗಿದಡೆ’, ‘ನಿಂದಿತ್ತು’ ಅನ್ನುವ ಹಳೆಯ ರೂಪಗಳು. ಅವು ಅವಳಿಗೆ ಸಲೀಸಾಗಿ ಬರದಿದ್ದರೆ ‘ಬಿಗಿದರೆ’, ‘ನಿಂತಿತು’ ಅಂತಲೇ ಬರೆಯಲಿ. ಅರ್ಧ ಹಳೆಯದು ಅರ್ಧ ಹೊಸದು ಮಾಡುವುದಕ್ಕಿಂತ ಪೂರ್ತಿ ಹೊಸಗನ್ನಡವೇ ಚೆನ್ನ.

ಕೊನೆಗೆ ಅಂಕಿತ. ಕೆಳಗೆ ‘ಕೂಡಲಸಂಗಮದೇವ’ ಅಂತ ಹಾಕಬೇಡಿ, ಮೇಷ್ಟ್ರು ಹೇಳಿದರೂ ಬೇಡ. ಮಕ್ಕಳು, ದೊಡ್ಡವರು ಬರೆದ ಎಷ್ಟೋ ಸಾಲುಗಳು ಹೀಗೆ ಬಸವಣ್ಣನವರ ಅಂಕಿತ ಹೊತ್ತು ವಾಟ್ಸಾಪಿನಲ್ಲಿ ಓಡಾಡುತ್ತಿವೆ, ಹಿಂದೆ ತಾಳೆಗರಿಯ ಕಾಲದಲ್ಲೂ ಇಂಥ ಬೆರಕೆ ನಡೆದಿದೆ. ಮಗಳು ತನಗೆ ಇಷ್ಟವಾದ ಯಾವುದಾದರೂ ಹೆಸರು, ಅಜ್ಜಿಯ ಹೆಸರು, ಊರ ದೇವರ ಹೆಸರು ಇಟ್ಟುಕೊಳ್ಳಲಿ. ಬೇಡವೆಂದರೆ ಅಂಕಿತವಿಲ್ಲದೆ ಕೆಳಗೆ ತನ್ನ ಹೆಸರು, ತರಗತಿ ಬರೆಯಲಿ.

ಫೋನಿಗೆ ಬಂದ ವಚನ ನಿಜವೋ ಅಲ್ಲವೋ ಅನ್ನಿಸಿದರೆ ಮೊದಲು ಕೊನೆಯ ಸಾಲು ನೋಡಿ, ಅಂಕಿತವೇ ಇಲ್ಲದಿದ್ದರೆ ಅದು ತುಂಡು ಅಥವಾ ಹೊಸದು. ‘ಸಮಾಜದ ಪ್ರಗತಿ’, ‘ರಾಷ್ಟ್ರಸೇವೆ’ ಥರದ ಮಾತಿದ್ದರೆ ಹನ್ನೆರಡನೇ ಶತಮಾನದ್ದಲ್ಲ. ಅಂಕಿತ ಇದ್ದರೂ ಅಷ್ಟಕ್ಕೇ ನಂಬುವ ಹಾಗಿಲ್ಲ, ಯಾಕೆಂದರೆ ಅದನ್ನೂ ಅಂಟಿಸಬಹುದು. ಲಕ್ಕಮ್ಮನ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಕೆಲವು ಪುಸ್ತಕಗಳಲ್ಲಿ ಅದೇ ‘ಅಮಲೇಶ್ವರಲಿಂಗ’ ಅಂತ ಇದೆ. ಅಂಥ ಪಾಠಭೇದ ಕಂಡು ಗಾಬರಿಯಾಗಬೇಡಿ, ಕೈಬರಹದಲ್ಲಿ ನಕಲಾಗುತ್ತಾ ಬಂದ ಸಾಹಿತ್ಯದಲ್ಲಿ ಅದು ಸಹಜ. ಖಚಿತ ಮಾಡಿಕೊಳ್ಳಲು ಕರ್ನಾಟಕ ಸರ್ಕಾರ 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಹೊರತಂದ 15 ಸಂಪುಟಗಳ ಸಮಗ್ರ ವಚನ ಸಂಪುಟ ನೋಡಬಹುದು. ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ. ಕಾಳವ್ವೆ, ಲಕ್ಕಮ್ಮ, ರೆಮ್ಮವ್ವೆ, ಇವರೆಲ್ಲ ಶಿವಶರಣೆಯರ ವಚನಗಳ ಸಂಪುಟದಲ್ಲಿ ಸಿಗುತ್ತಾರೆ. ಫೋನಿನಲ್ಲೇ ನೋಡುವುದಾದರೆ ‘ವಚನ ಸಂಚಯ’ ಅನ್ನುವ ಜಾಲತಾಣದಲ್ಲಿ ಒಂದು ಪದ ಕೊಟ್ಟು ಹುಡುಕಬಹುದು. ‘ಸತ್ಯಶುದ್ಧ’ ಅಂತ ಕೊಟ್ಟು ನೋಡಿ, ಕಾಯಕದ ಜೊತೆಗೆ ಆ ಪದವನ್ನು ಯಾರು ಯಾರು ಎಲ್ಲೆಲ್ಲಿ ಇಟ್ಟಿದ್ದಾರೆ ಅನ್ನುವುದನ್ನು ಮಗಳೇ ಓದಿ ಹೇಳಲಿ. ಅದರಲ್ಲೇ ಅವಳ ಭಾಷಣಕ್ಕೆ ಬೇಕಾದ ಇನ್ನೊಂದು ವಚನ ಸಿಕ್ಕರೂ ಸಿಗಬಹುದು.